ಗುಂಡು ತಲೆ, ಎರಡು ಚುಕ್ಕೆ

ಕಾಲರ್ ಮೈಕ್ ಆಫಾಗಿದೆ ಅಂದುಕೊಂಡು, ಸೆಮಿನಾರಿನ ಬಿಡುವಿನಲ್ಲಿ ಫೋನಿನಲ್ಲಿ ಹೇಳಿದ್ದೆ: "ಗೈಡು ಇನ್ನೂ ನನ್ನ ಅಧ್ಯಾಯ ಓದಿಲ್ಲಮ್ಮ." ಇಡೀ ಸಭಾಂಗಣಕ್ಕೆ ಕೇಳಿತು.

ಅದನ್ನೇ ಯೂಟ್ಯೂಬಿನ ಸ್ಟೋರಿಟೈಮ್ ಅನಿಮೇಷನ್ನಿನಂತೆ ಮಾಡಲು ಕೂತೆ. ಮೊದಲು ದನಿ ರೆಕಾರ್ಡ್ ಮಾಡಿ, ಉಸಿರಿನ ಬಿಡುವುಗಳನ್ನು ಕತ್ತರಿಸಬೇಕು. ಆಮೇಲೆ ವಾಕ್ಯಕ್ಕೊಂದು ಚಿತ್ರ: ಗುಂಡು ತಲೆ, ಚುಕ್ಕೆ ಕಣ್ಣು. ಬದಲಾಗುವುದು ಹುಬ್ಬು, ಬಾಯಿ ಅಷ್ಟೇ. ಚಿತ್ರ ಅಲುಗದಿದ್ದಾಗ ಕತೆಯೇ ಏರಬೇಕಲ್ಲ? ಎರಡನೇ ಟೇಕಿಗೆ ಕುಲಪತಿಗಳು ಬಂದರು. ಮೂರನೆಯದರಲ್ಲಿ ಅವರ ಚಹಾ ಚೆಲ್ಲಿತು.

ನಿಜಕ್ಕೂ ಗೈಡು ಸುಮ್ಮನೆ ಕನ್ನಡಕ ತೆಗೆದು ಒರೆಸಿಕೊಂಡರು. ಆ ಚಿತ್ರ ಮಾತ್ರ ಬರಲಿಲ್ಲ. ಚುಕ್ಕೆಗೆ ಕನ್ನಡಕ ಹಾಕಿದೆ, ಅಳಿಸಿದೆ.

ಅಲ್ಲಿದ್ದದ್ದು ಏಳೇ ಜನ. ನಿಮಗೆ ಹೇಳುವಾಗಲೂ ನೋಡಿ, "ಇಡೀ ಸಭಾಂಗಣ" ಅಂದುಬಿಟ್ಟೆ.