ಒಂಬತ್ತು ಹಾಳೆಯ ಬಾಗಿಲು

ನಮ್ಮೂರಿನಲ್ಲಿ ದೊಡ್ಡ ಹಾಳೆಯ ಪ್ಲಾಟರ್ ಇಲ್ಲ. ಬೇಕಾದವರು ಶಿವಮೊಗ್ಗಕ್ಕೆ ಹೋಗಬೇಕು. ಬಸ್ಸು, ಕಾಯುವುದು, ಊಟ ಎಲ್ಲ ಸೇರಿ ಒಂದು ದಿನದ ಕೆಲಸ. ಹಾಗಾಗಿ ಮನೆಯ ನಕ್ಷೆ, ಜಾತ್ರೆಯ ಪೋಸ್ಟರು, ಬ್ಲೌಸಿನ ಪ್ಯಾಟರ್ನು, ಮರಗೆಲಸದ ಅಚ್ಚು ಎಂದು ಮೊಬೈಲಿನಲ್ಲಿ ದೊಡ್ಡ ದೊಡ್ಡ ಪಿಡಿಎಫ್ ಹಿಡಿದುಕೊಂಡು ಜನ ನನ್ನ ಜೆರಾಕ್ಸ್ ಅಂಗಡಿಗೆ ಬರುತ್ತಾರೆ. ನಾನು ಅದನ್ನು ಎ4 ಹಾಳೆಗಳಲ್ಲಿ ತುಂಡು ತುಂಡಾಗಿ ಮುದ್ರಿಸಿ ಕೊಡುತ್ತೇನೆ. ಪೋಸ್ಟರಾದರೆ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಯಾರ ಗಂಟೂ ಹೋಗುವುದಿಲ್ಲ. ದೂರದಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಕಾಗದದ ಮೇಲಿನ ಗೆರೆ ನೋಡಿ ಯಾರೋ ಬಟ್ಟೆಯನ್ನೋ ಮರವನ್ನೋ ಕತ್ತರಿಸುತ್ತಾರೆ ಎಂದಾಗ ಮಾತು ಬೇರೆ.

ಕಳೆದ ಮಳೆಗಾಲದಲ್ಲಿ ಬಂದದ್ದು ಅಂಥ ಕೆಲಸ. ದೇವರ ಕೋಣೆಯ ಬಾಗಿಲಿನ ಕೆತ್ತನೆ ಹಲಗೆ, ಅಗಲ 560 ಮಿ.ಮೀ., ಎತ್ತರ 800. ನಡುವೆ ಕಮಲ, ಎರಡೂ ಕಡೆ ಬಳ್ಳಿ, ಮೇಲೆ ಎದುರುಬದುರಾಗಿ ಎರಡು ನವಿಲು. ತೇಗದ ಹಲಗೆ ಆಗಲೇ ಅಳತೆಗೆ ಕೊಯ್ದು ತಯಾರಾಗಿತ್ತು. ಆಚಾರಿಯವರು ಅದರ ಬೆಲೆ ಹೇಳಲಿಲ್ಲ, "ಇದು ಹಳೇ ಮನೆ ತೊಲೆಯದ್ದು ಮಾರಾಯ್ರೇ, ಇನ್ನೊಂದು ಸಿಗೂದಿಲ್ಲ" ಎಂದರು ಅಷ್ಟೆ.

ಪಿಡಿಎಫ್ ಇದ್ದದ್ದು ಎ1 ಅಳತೆಯಲ್ಲಿ, ಅಂದರೆ 594ಕ್ಕೆ 841 ಮಿ.ಮೀ. ಎ1 ಹಾಳೆಯನ್ನು ಮಡಚುತ್ತ ಹೋದರೆ ಎಂಟು ಎ4 ಆಗುತ್ತದೆ ಎಂದು ಲೆಕ್ಕ ಬಲ್ಲವರೆಲ್ಲ ಹೇಳುತ್ತಾರೆ. ನಿಜವೇ, ಆದರೆ ಎಂಟು ಹಾಳೆಯಲ್ಲಿ ಈ ಕೆಲಸ ಆಗುವುದಿಲ್ಲ. ಮೊದಲನೆಯದಾಗಿ, ಪ್ರಿಂಟರು ಹಾಳೆಯ ಅಂಚಿನವರೆಗೆ ಮುದ್ರಿಸುವುದಿಲ್ಲ. ನನ್ನದು ಸುತ್ತಲೂ 5 ಮಿ.ಮೀ. ಬಿಡುತ್ತದೆ; ಹಾಗಾಗಿ 210ಕ್ಕೆ 297ರ ಹಾಳೆಯಲ್ಲಿ ಕೈಗೆ ಸಿಗುವುದು 200ಕ್ಕೆ 287 ಮಾತ್ರ. ಎರಡನೆಯದು ಓವರ್‌ಲ್ಯಾಪ್, ಅಂದರೆ ಒಂದು ಹಾಳೆಯ ಅಂಚಿನಲ್ಲಿ ಬಂದ ಚಿತ್ರದ ಪಟ್ಟಿಯೇ ಪಕ್ಕದ ಹಾಳೆಯ ಅಂಚಿನಲ್ಲೂ ಮತ್ತೊಮ್ಮೆ ಬರುವುದು. ನಾನು 10 ಮಿ.ಮೀ. ಇಡುತ್ತೇನೆ. ಆಗ ಮೊದಲ ಹಾಳೆ 200 ಮಿ.ಮೀ. ಅಗಲವನ್ನು ತುಂಬಿದರೆ, ಆಮೇಲಿನ ಪ್ರತಿ ಹಾಳೆ ಹೊಸದಾಗಿ ತುಂಬುವುದು 190 ಮಾತ್ರ. ಮೂರು ಹಾಳೆ ಅಡ್ಡಕ್ಕೆ ಜೋಡಿಸಿದರೆ 580 ಆಯಿತು. ನಮಗೆ ಬೇಕಾದದ್ದು 594. ಉಳಿದ 14 ಮಿ.ಮೀ. ಪಟ್ಟಿಗಾಗಿ ಇನ್ನೊಂದು ಇಡೀ ಸಾಲು, ಮೂರು ಹಾಳೆ ಹೆಚ್ಚು. ಆ ಹಾಳೆಗಳಲ್ಲಿ ಇರುವುದಾದರೂ ಏನು? ಚಿತ್ರದ ಸುತ್ತಲಿನ ಬಿಳಿ ಅಂಚು.

ಚಿತ್ರ ಬರೆದ ಹುಡುಗನಿಗೆ ಫೋನ್ ಮಾಡಿ, ಅಂಚು ತೆಗೆದು ಸರಿಯಾಗಿ 560ಕ್ಕೆ 800 ಇರುವ ಪುಟವಾಗಿ ಕಳಿಸಲು ಹೇಳಿದೆ. ಈಗ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಹಾಳೆ. ಎಣಿಕೆ ಕಡಿಮೆಯಾದದ್ದಕ್ಕಿಂತ ಬೆಸುಗೆ ಕಡಿಮೆಯಾದದ್ದು ದೊಡ್ಡ ಲಾಭ. ತಪ್ಪು ಹುಟ್ಟುವುದು ಬೆಸುಗೆಯಲ್ಲೇ.

ಅವನಿಗೆ ಇನ್ನೊಂದು ಮಾತನ್ನೂ ಹೇಳಿದೆ: ಚಿತ್ರದ ಹಿಂದೆ 50 ಮಿ.ಮೀ.ಗೊಂದರಂತೆ ತೆಳು ಬೂದು ಬಣ್ಣದ ಚೌಕಳಿ ಗೆರೆ ಹಾಕು ಎಂದು. ಎರಡು ಹಾಳೆ ಸೇರುವ ಜಾಗ ಬಳ್ಳಿಯ ಮೇಲೆ ಬಿದ್ದರೆ ಹೊಂದಿಸಲು ಏನಾದರೂ ಸಿಗುತ್ತದೆ. ಖಾಲಿ ಜಾಗದಲ್ಲಿ ಬಿದ್ದರೆ ಬಿಳಿಯ ಮೇಲೆ ಬಿಳಿ, ಯಾವುದನ್ನು ಯಾವುದಕ್ಕೆ ಹೊಂದಿಸುವುದು? ಬಾಗಿದ ಗೆರೆಯನ್ನು ನಂಬುವುದೂ ಕಷ್ಟ. ಬಳ್ಳಿ ಒಂದು ಮಿಲಿಮೀಟರ್ ಜಾರಿದರೂ ಕಣ್ಣು ಅದನ್ನು ಬಳ್ಳಿ ಎಂದೇ ಒಪ್ಪಿಕೊಂಡುಬಿಡುತ್ತದೆ. ನೆಟ್ಟಗಿನ ಗೆರೆ ಮುರಿದರೆ ಒಪ್ಪುವುದಿಲ್ಲ.

ಮುದ್ರಿಸುವುದು ಅಡೋಬಿಯ ರೀಡರಿನಿಂದಲೇ. ಪ್ರಿಂಟ್ ಕೊಟ್ಟಾಗ ಬರುವ ಕಿಟಕಿಯಲ್ಲಿ `Poster` ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ `Tile Scale`, `Overlap`, `Cut Marks`, `Labels` ಕಾಣುತ್ತವೆ. ಅಳತೆ 100%, ಓವರ್‌ಲ್ಯಾಪ್ 10 ಮಿ.ಮೀ. ಅಲ್ಲಿ ಮೊದಲೇ ಇರುವ ಓವರ್‌ಲ್ಯಾಪ್ 0.005 ಇಂಚು, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ, ಇದ್ದೂ ಇಲ್ಲದಂತೆ. ಪಕ್ಕದ ಪೂರ್ವನೋಟದಲ್ಲಿ ಎಷ್ಟು ಹಾಳೆಯಾಗುತ್ತದೆ ಎಂಬುದು ಕಾಣುತ್ತದೆ. ಕೈಲೆಕ್ಕಕ್ಕೂ ಅದಕ್ಕೂ ತಾಳೆಯಾಗದಿದ್ದರೆ ನಾನು ಮುಂದೆ ಹೋಗುವುದಿಲ್ಲ.

ಒಂಬತ್ತನ್ನೂ ಒಟ್ಟಿಗೆ ಮುದ್ರಿಸುವುದೂ ಇಲ್ಲ. ಮೊದಲು ಒಂದೇ ಹಾಳೆ. ಚೌಕಳಿ ಇರುವುದರಿಂದ ಬೇರೆ ಪರೀಕ್ಷೆಯ ಗೆರೆ ಬೇಕಿಲ್ಲ. ಉದ್ದಕ್ಕೆ ಐದು ಮನೆ, 250 ಮಿ.ಮೀ., ಉಕ್ಕಿನ ಸ್ಕೇಲ್ ಇಟ್ಟು ಅಳೆದೆ. ಸ್ಕೇಲಿನ ತುದಿ ಸವೆದಿರುತ್ತದೆ, ಹಾಗಾಗಿ ಸೊನ್ನೆಯ ಬದಲು 10ರಿಂದ ಶುರುಮಾಡಿ 260ಕ್ಕೆ ಬರುತ್ತದೆಯೇ ಎಂದು ನೋಡುವುದು. ಬಂದದ್ದು 252ರ ಹತ್ತಿರ, ಅಂದರೆ 242. ಎಂಟು ಮಿ.ಮೀ. ಕಡಿಮೆ. ರೀಡರಿನಲ್ಲಿ 100% ಇದ್ದರೂ ಪ್ರಿಂಟರಿನ ಸ್ವಂತ ಸೆಟ್ಟಿಂಗಿನೊಳಗೆ 'ಹಾಳೆಗೆ ಹೊಂದಿಸು' ಎಂಬುದು ಚಾಲೂ ಇತ್ತು. ಬೆಳಿಗ್ಗೆ ಯಾರದೋ ಅಂಕಪಟ್ಟಿ ಮಾಡುವಾಗ ಅಂಗಡಿಯ ಹುಡುಗ ಹಾಕಿದ್ದು. ಹಾಗೇ ಒಂಬತ್ತೂ ಹಾಳೆ ಹೊರಟಿದ್ದರೆ ಬೆಸುಗೆಗಳೆಲ್ಲ ಚೊಕ್ಕವಾಗಿ ಕೂಡುತ್ತಿದ್ದವು, ನವಿಲು ನವಿಲಂತೇ ಕಾಣುತ್ತಿತ್ತು, ಬಾಗಿಲು ಮಾತ್ರ 800ರ ಬದಲು 774 ಆಗುತ್ತಿತ್ತು. ಈ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಸ್ಕೇಲಿಗೆ ಮಾತ್ರ ಕಾಣುತ್ತದೆ.

ಅದನ್ನು ತೆಗೆದು ಮತ್ತೆ ಮುದ್ರಿಸಿದೆ. ಈಗ ಅಡ್ಡಕ್ಕೆ 150ಕ್ಕೆ 150, ಉದ್ದಕ್ಕೆ 250ಕ್ಕೆ 249 ಚಿಲ್ಲರೆ, ಒಂದು ಅರ್ಧ ಮಿ.ಮೀ. ಕಡಿಮೆ. ಇಂಥ ವ್ಯತ್ಯಾಸ ಸಾಮಾನ್ಯ. ಅಡ್ಡದ ಅಳತೆಯನ್ನು ಬೆಳಕಿನ ಕಿರಣ ನಿರ್ಧರಿಸಿದರೆ, ಉದ್ದದ ಅಳತೆಯನ್ನು ಹಾಳೆ ಎಳೆಯುವ ರೋಲರು ನಿರ್ಧರಿಸುತ್ತದೆ. ಮೇಲಾಗಿ ಲೇಸರ್ ಪ್ರಿಂಟರಿನ ಬಿಸಿಗೆ ಕಾಗದದ ತೇವ ಆರಿ ಸ್ವಲ್ಪ ಕುಗ್ಗುತ್ತದೆ. ಎರಡೂ ದಿಕ್ಕಿನಲ್ಲಿ ಒಂದೇ ಪ್ರಮಾಣದ ಕೊರತೆ ಇದ್ದರೆ 100ರ ಬದಲು 100.2 ಎಂದು ಹಾಕಬಹುದು. ಒಂದೇ ದಿಕ್ಕಿನಲ್ಲಿದ್ದರೆ ಒಂದು ಅಂಕಿಯಿಂದ ಅದನ್ನು ಸರಿಮಾಡಲು ಬರುವುದಿಲ್ಲ. 800ಕ್ಕೆ ಒಂದೂವರೆ ಮಿ.ಮೀ. ಕಡಿಮೆಯಾಗಬಹುದು ಎಂದು ಆಚಾರಿಯವರಿಗೆ ಮೊದಲೇ ಹೇಳಿದೆ. "ಅಂಚಿನ ಪಟ್ಟಿಯಲ್ಲಿ ಹೊಂದಿಸ್ತೆ, ನವಿಲಿಗೆ ತೊಂದ್ರೆ ಇಲ್ಲ" ಎಂದರು.

ಇನ್ನು ಜೋಡಿಸುವುದು. ಓವರ್‌ಲ್ಯಾಪ್ ಇರುವುದು ಅಂಟು ಹಚ್ಚಲು ಎಂದು ಬಹಳ ಜನ ತಿಳಿದಿದ್ದಾರೆ. ಅಂಟಿಗಾದರೆ ಖಾಲಿ ಅಂಚೇ ಸಾಕಿತ್ತು. ಅದು ಇರುವುದು ತಪ್ಪನ್ನು ಕಾಣಲು. ಒಂದೇ ಗೆರೆ ಎರಡು ಹಾಳೆಯಲ್ಲೂ ಇರುವುದರಿಂದ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದರೆ ಎರಡು ಗೆರೆ ಒಂದಾಯಿತೋ ಇಲ್ಲವೋ ಗೊತ್ತಾಗುತ್ತದೆ. ಅದಕ್ಕೇ ನಾನು ಎರಡೂ ಹಾಳೆಯ ಅಂಚು ಕತ್ತರಿಸುವುದಿಲ್ಲ; ಮೇಲೆ ಬರುವ ಹಾಳೆಯ ಬಿಳಿ ಅಂಚನ್ನಷ್ಟೇ ಕತ್ತರಿಸುತ್ತೇನೆ. ಕೆಳಗಿನದು ಪೂರ್ತಿ ಹಾಗೇ ಇರುತ್ತದೆ. ಹೊಂದಿಸುವಾಗ ಬೆಸುಗೆಯ ನಡುವನ್ನು ನೋಡಬಾರದು, ಎರಡು ತುದಿ ನೋಡಬೇಕು. ನಡುವೆ ಕೂಡಿಸಿದರೆ ಹಾಳೆ ಅಲ್ಲೇ ತಿರುಗಿಕೊಂಡಿರಬಹುದು. ಎರಡು ತುದಿ ಕೂಡಿದರೆ ನಡುವೆ ತಾನಾಗಿ ಕೂಡುತ್ತದೆ. ಮೂಲೆಯಿಂದ ಶುರುಮಾಡದೆ ನಡುವಿನ ಹಾಳೆಯಿಂದ ಹೊರಗೆ ಹೋಗಬೇಕು. ಆಗ ಯಾವ ತುದಿಗೂ ಬೆಸುಗೆ ದೂರವಿಲ್ಲ.

ಮಳೆಗಾಲದಲ್ಲಿ ಇದನ್ನೆಲ್ಲ ಒಂದೇ ಕೂತಿಯಲ್ಲಿ ಮುಗಿಸಬೇಕು. ನಾಲ್ಕು ಹಾಳೆ ಇವತ್ತು ಮುದ್ರಿಸಿ ಐದು ನಾಳೆ ಮುದ್ರಿಸಿದರೆ, ರಾತ್ರಿಯ ತೇವ ಹೀರಿದ ಹಾಳೆಗೂ ಬಿಸಿಯಿಂದ ಹೊರಬಂದ ಹಾಳೆಗೂ ಅಳತೆ ಕೂಡುವುದಿಲ್ಲ. ಮೈದಾ ಅಂಟನ್ನಂತೂ ನಾನು ಹತ್ತಿರ ಸೇರಿಸುವುದಿಲ್ಲ. ಹಚ್ಚಿದಲ್ಲೆಲ್ಲ ಕಾಗದ ಉಬ್ಬಿ, ಒಣಗಿದ ಮೇಲೆ ಸುಕ್ಕಾಗುತ್ತದೆ. ಗಟ್ಟಿ ಅಂಟುಕಡ್ಡಿ, ಹಿಂದೆ ಅಲ್ಲಲ್ಲಿ ಸೆಲೋಟೇಪು, ಅಷ್ಟೇ.

ಜೋಡಿಸಿ ನೆಲದ ಮೇಲೆ ಹರಡಿ ಅಗಲ ಎತ್ತರ ಅಳೆದೆವು. ಆಮೇಲೆ ಆಚಾರಿಯವರು ಕೇಳದೆಯೇ ಟೇಪನ್ನು ಮೂಲೆಯಿಂದ ಮೂಲೆಗೆ ಎಳೆದರು. ಬಾಗಿಲಿನ ಚೌಕಟ್ಟು ಮಟ್ಟಸವಾಗಿದೆಯೇ ಎಂದು ಅವರು ನೋಡುವ ರೀತಿಯೇ ಅದು. 560ಕ್ಕೆ 800ರ ಆಯತದ ಕರ್ಣ 976 ಚಿಲ್ಲರೆ ಬರಬೇಕು. ಒಂದು ಕರ್ಣ 976 ಬಂತು, ಇನ್ನೊಂದು 975. ಅವರಿಗೆ ಅಂಕಿಗಿಂತ ಎರಡೂ ಸಮ ಬಂದದ್ದೇ ಮುಖ್ಯ. ಒಂದು 979, ಇನ್ನೊಂದು 974 ಬಂದಿದ್ದರೆ, ಅಗಲ ಎತ್ತರ ಸರಿಯಿದ್ದರೂ ಇಡೀ ಚಿತ್ರ ಒಂದು ಪಕ್ಕಕ್ಕೆ ವಾಲಿದೆ ಎಂದರ್ಥ, ಬೆಸುಗೆ ಬಿಚ್ಚಬೇಕಿತ್ತು.

ಎಲ್ಲ ಮುಗಿಯಿತು ಎಂದುಕೊಂಡಾಗ ಅವರು ನಡುಗೆರೆಯ ಮೇಲೆ ಬೆರಳಿಟ್ಟು, "ಈ ಕಡೆ ಆ ಕಡೆ ಒಂದೇ ಅಲ್ವ? ನಂಗೆ ಅರ್ಧ ಸಾಕಿತ್ತು" ಎಂದರು. ಅರ್ಧ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ರಂಗೋಲಿ ಅಚ್ಚಿನ ಹಾಗೆ ಪುಡಿ ಉದುರಿಸಿ, ಕಾಗದ ಮಗುಚಿ ಇನ್ನೊಂದು ಕಡೆಯೂ ಅದನ್ನೇ ಮಾಡುತ್ತಾರಂತೆ. ಆಗ ಎರಡು ನವಿಲು ಬೇರೆ ಬೇರೆ ಆಗುವ ಪ್ರಶ್ನೆಯೇ ಇಲ್ಲ.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಅರ್ಧದ ಅಗಲ 280. ಎ4 ಹಾಳೆಯನ್ನು ಅಡ್ಡ ಹಾಕಿದರೆ ಮುದ್ರಣಕ್ಕೆ ಸಿಗುವ ಅಗಲ 287. ಇಡೀ ಅರ್ಧ ಒಂದೇ ಹಾಳೆಯ ಅಗಲದಲ್ಲಿ ಕೂರುತ್ತದೆ, ಪಕ್ಕದ ಬೆಸುಗೆಯೇ ಇಲ್ಲ. ಎತ್ತರಕ್ಕೆ ಐದು ಹಾಳೆ ಬೇಕು, ಆದರೆ ಅವುಗಳಲ್ಲಿ ಜಾಗ ಎಷ್ಟು ಉಳಿಯುತ್ತದೆ ಎಂದರೆ ಓವರ್‌ಲ್ಯಾಪನ್ನು 10ರಿಂದ 50ಕ್ಕೆ ಏರಿಸಿದರೂ ಆರನೇ ಹಾಳೆ ಬೇಕಾಗುವುದಿಲ್ಲ. 50 ಮಿ.ಮೀ. ಎಂದರೆ ಪ್ರತಿ ಬೆಸುಗೆಯಲ್ಲೂ ಚೌಕಳಿಯ ಒಂದು ಮನೆಯಷ್ಟು ಎರಡೆರಡು ಸಲ ಬರುತ್ತದೆ, ಹಾಳೆ ತಿರುಗಿದ್ದರೆ ಆಗಲೇ ಕಾಣುತ್ತದೆ. ಒಂದೇ ಅಪಾಯ ನಡುಗೆರೆಯಲ್ಲಿ: ಅರ್ಧದಲ್ಲಿ ಒಂದು ಮಿ.ಮೀ. ಕಡಿಮೆಯಾದರೆ ಮಗುಚಿದಾಗ ಅದು ಎರಡಾಗುತ್ತದೆ. ಹಾಗಾಗಿ ನಡುಗೆರೆ ಚಿತ್ರದ ಅಂಚಾಗಬಾರದು. ಅದರಾಚೆ ಇನ್ನೂ 5 ಮಿ.ಮೀ. ಚಿತ್ರ ಬಿಟ್ಟು ಪುಟವನ್ನು 285 ಮಾಡಿಸಬೇಕು. ಆಗಲೂ ಅದು 287ರ ಒಳಗೇ ಇರುತ್ತದೆ.

ಮರುದಿನ ಅವರಿಗೆ ಫೋನ್ ಮಾಡಿ, "ಆಚಾರ್ರೇ, ಐದೇ ಹಾಳೆಯಲ್ಲಿ ಅರ್ಧ ಮಾಡಿ ಕೊಡ್ಲಾ?" ಎಂದು ಕೇಳಿದೆ. "ಬೇಡ ಬಿಡಿ," ಎಂದರು, "ನಿಮ್ಮದನ್ನೇ ನಡುವೆ ಮಡಚಿ ಚುಚ್ತಾ ಇದ್ದೆ. ಎರಡು ನವಿಲೂ ಒಂದರ ಮೇಲೊಂದು ಕೂತಿದ್ದೋ."