ಫೋನ್ ಸರಿ ಇದೆ, ಕರೆ ಮಾತ್ರ ಬೇರೆಯವರಿಗೆ ಹೋಗುತ್ತಿದೆ

ನಮ್ಮ ಕಡೆ ಫೋನ್ ಬರುತ್ತಿಲ್ಲ ಅಂದರೆ ಮೊದಲು ಬೈಸಿಕೊಳ್ಳುವುದು ಟವರ್. ಆಮೇಲೆ ಫೋನು, ಕೊನೆಗೆ ಸಿಮ್ಮು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ನಾಲ್ಕು ತಾಲ್ಲೂಕು ಸುತ್ತಿ ಸುದ್ದಿ ಕಳಿಸುವ ನನ್ನಂಥವನಿಗೆ ಫೋನೇ ಅನ್ನ. ಹಾಗಾಗಿ ಈ ಮೂರೂ ಸರಿಯಿದ್ದು ಕರೆ ಮಾತ್ರ ಬಾರದಿರುವುದನ್ನು ನೋಡಿದಾಗ ಸುಮ್ಮನೆ ಬಿಡಲು ಆಗಲಿಲ್ಲ.

ಶಿರಾದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಅಣ್ಣ ಒಬ್ಬರಿದ್ದಾರೆ. ಬೇಸಿಗೆ ಬಂತೆಂದರೆ ವೋಲ್ಟೇಜ್ ಏರಿಳಿದು ಬೋರ್‌ವೆಲ್ ಮೋಟಾರ್‌ಗಳು ಸುಡುತ್ತವೆ, ಅವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಕಳೆದ ಬೇಸಿಗೆಯಲ್ಲಿ ಅವರ ಫೋನ್ ಇದ್ದಕ್ಕಿದ್ದಂತೆ ಮೌನವಾಯಿತು. ಅವರು ಯಾರಿಗೆ ಬೇಕಾದರೂ ಫೋನ್ ಮಾಡಬಹುದು, ಮೆಸೇಜ್ ಬರುತ್ತದೆ, ಯೂಟ್ಯೂಬ್ ಓಡುತ್ತದೆ. ಒಳಗೆ ಬರುವ ಕರೆ ಮಾತ್ರ ಇಲ್ಲ. ಮಿಸ್ಡ್ ಕಾಲ್ ಕೂಡ ಇಲ್ಲ. ಮೂರನೇ ದಿನ ಒಬ್ಬ ರೈತ ಸುಟ್ಟ ಮೋಟಾರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದವನೇ ಜಗಳಕ್ಕೆ ನಿಂತ. "ಏನಣ್ಣಾ, ತೋಟ ಒಣಗ್ತಾ ಐತೆ, ನಿಮಗೆ ಫೋನ್ ಮಾಡಿದ್ರೆ ಯಾವನೋ ಹಿಂದಿಯವನು ಎತ್ತಿ ಕಟ್ ಮಾಡ್ತಾನೆ!"

ಅಣ್ಣ ಫೋನನ್ನು ಮೊಬೈಲ್ ಅಂಗಡಿಗೆ ಕೊಟ್ಟರು. ಅಲ್ಲಿ ಫಾರ್ಮ್ಯಾಟ್ ಮಾಡಿದರು. ಫೋಟೋಗಳೆಲ್ಲ ಹೋದವು, ಕರೆ ಬರಲಿಲ್ಲ. ಸಿಮ್ ತೆಗೆದು ಮಗನ ಫೋನಿಗೆ ಹಾಕಿದರು. ಆಗಲೂ ಇಲ್ಲ. ಇಲ್ಲೇ ವಿಷಯದ ಗುಟ್ಟಿರುವುದು. ಕಾಲ್ ಫಾರ್ವರ್ಡಿಂಗ್ ಎಂಬ ಸೆಟ್ಟಿಂಗ್ ಕೂತಿರುವುದು ನಿಮ್ಮ ಫೋನಿನಲ್ಲೂ ಅಲ್ಲ, ಸಿಮ್ಮಿನಲ್ಲೂ ಅಲ್ಲ. ಕಂಪನಿಯ ನೆಟ್‌ವರ್ಕ್‌ನಲ್ಲಿ ನಿಮ್ಮ ನಂಬರಿನ ಎದುರು ಬರೆದಿಟ್ಟಿರುತ್ತದೆ: ಈ ನಂಬರಿಗೆ ಬರುವ ಕರೆಯನ್ನು ಆ ನಂಬರಿಗೆ ಕಳಿಸು, ಅಂತ. ಪೋಸ್ಟಾಫೀಸಿನಲ್ಲಿ ವಿಳಾಸ ಬದಲಾಯಿಸಿ ಕೊಟ್ಟ ಹಾಗೆ. ಮನೆಗೆ ಸುಣ್ಣ ಬಳಿದರೆ ಕಾಗದ ವಾಪಸ್ ಬರುವುದಿಲ್ಲವಲ್ಲ, ಫೋನ್ ಫಾರ್ಮ್ಯಾಟ್ ಮಾಡಿದರೂ ಅಷ್ಟೆ. ಫೋನ್ ಸ್ವಿಚ್ ಆಫ್ ಆಗಿದ್ದರೂ ಕರೆ ಅತ್ತಲೇ ಹೋಗುತ್ತಿರುತ್ತದೆ.

ನಾನು ಅವರ ಅಂಗಡಿಗೆ ಹೋಗಿದ್ದು ವೋಲ್ಟೇಜ್ ಸಮಸ್ಯೆಯ ಸುದ್ದಿಗೆ. ಮಾತಿನ ಮಧ್ಯೆ ಈ ಕಥೆ ಬಂತು. ಫೋನ್ ಇಸಿದುಕೊಂಡು, ನಂಬರ್ ಒತ್ತುವ ಜಾಗದಲ್ಲಿ ಇದನ್ನು ಹಾಕಿ ಕರೆ ಬಟನ್ ಒತ್ತಿದೆ:

```
*#21#
```

ಇದು ಏನನ್ನೂ ಬದಲಾಯಿಸುವುದಿಲ್ಲ, ಸುಮ್ಮನೆ ಕೇಳುತ್ತದೆ ಅಷ್ಟೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ Voice: Not forwarded ಎಂದು ಬರಬೇಕು. ಅಣ್ಣನ ಫೋನಿನಲ್ಲಿ ಅವರು ಕಂಡು ಕೇಳರಿಯದ ಹತ್ತು ಅಂಕಿಯ ನಂಬರ್ ಬಂತು. ಅಳಿಸುವ ಮೊದಲು ಆ ಪರದೆಯ ಫೋಟೋ ತೆಗೆದಿಟ್ಟುಕೊಂಡೆವು. ದೂರು ಕೊಡುವಾಗ ಆ ನಂಬರ್ ಬೇಕು, ಅಳಿಸಿದ ಮೇಲೆ ಮತ್ತೆ ಸಿಗುವುದಿಲ್ಲ. ಆಮೇಲೆ ಇದನ್ನು ಒತ್ತಿದೆವು:

```
##002#
```

ಇದು ಆ ನಂಬರಿನ ಮೇಲಿರುವ ಎಲ್ಲ ಫಾರ್ವರ್ಡಿಂಗನ್ನೂ ಒಂದೇ ಸಲಕ್ಕೆ ತೆಗೆಯುತ್ತದೆ. ಮತ್ತೊಮ್ಮೆ *#21# ಹಾಕಿ ನೋಡಿದೆವು, ಹೋಗಿತ್ತು. ನನ್ನ ಫೋನಿನಿಂದ ಕರೆ ಮಾಡಿದೆ. ರಿಂಗಾಯಿತು. ಅಣ್ಣ ಫೋನನ್ನೇ ನೋಡುತ್ತಾ ನಿಂತುಬಿಟ್ಟರು, ಎತ್ತಲೇ ಇಲ್ಲ.

ಅದು ಹತ್ತಿಕೊಂಡಿದ್ದಾದರೂ ಹೇಗೆ? ಬೆಂಗಳೂರಿನಿಂದ ಬರಬೇಕಿದ್ದ ವೈಂಡಿಂಗ್ ವೈರಿನ ಪಾರ್ಸೆಲ್‌ಗೆ ಅಣ್ಣ ಕಾಯುತ್ತಿದ್ದರು. ಅದೇ ಹೊತ್ತಿಗೆ ಕೊರಿಯರ್‌ನವನೆಂದು ಹೇಳಿಕೊಂಡು ಒಬ್ಬ ಫೋನ್ ಮಾಡಿದ. ವಿಳಾಸ ಸಿಗುತ್ತಿಲ್ಲ, ಮೆಸೇಜ್‌ನಲ್ಲಿ ಒಂದು ನಂಬರ್ ಕಳಿಸಿದ್ದೇನೆ, ಅದಕ್ಕೆ ಡಯಲ್ ಮಾಡಿದರೆ ಡೆಲಿವರಿ ಹುಡುಗ ಸಿಗುತ್ತಾನೆ ಅಂದ. ಇವರು ಡಯಲ್ ಮಾಡಿದರು. ಆ 'ನಂಬರ್' ಸ್ಟಾರ್‌ನಿಂದ ಶುರುವಾಗಿ, ನಡುವೆ 21 ಇದ್ದು, ಆಮೇಲೆ ಹತ್ತು ಅಂಕಿ, ಕೊನೆಗೆ ಹ್ಯಾಶ್ ಇತ್ತು. ಅದು ಫೋನ್ ನಂಬರೇ ಅಲ್ಲ, ನನ್ನ ಕರೆಗಳನ್ನೆಲ್ಲ ಈ ಹತ್ತು ಅಂಕಿಯವನಿಗೆ ಕಳಿಸು ಎಂದು ನಾವೇ ಕಂಪನಿಗೆ ಕೊಡುವ ಅಪ್ಪಣೆ. 21ರ ಜಾಗದಲ್ಲಿ 401 ಇರುವುದೂ ಉಂಟು. ಈ 401ರ ಮೋಸ ಹೆಚ್ಚಾಗಿ ಕೇಂದ್ರ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಆ ರೀತಿ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ನಿಲ್ಲಿಸಲು ಕಂಪನಿಗಳಿಗೆ ಹೇಳಿತು. ಆದರೂ 21ರ ದಾರಿ ಹಿಡಿದವರು ಇದ್ದೇ ಇದ್ದಾರೆ.

ನಮ್ಮ ಕರೆ ಅವನಿಗೆ ಹೋದರೆ ಅವನಿಗೇನು ಲಾಭ ಅಂತ ಅಣ್ಣನೂ ಕೇಳಿದರು. ಅವನಿಗೆ ಬೇಕಿದ್ದದ್ದು ಮೋಟಾರ್ ಸುಟ್ಟವರ ಕರೆಯಲ್ಲ, ಒಂದೇ ಒಂದು ಕರೆ. ಅವನು ತನ್ನ ಫೋನಿನಲ್ಲಿ ವಾಟ್ಸಾಪ್ ಹಾಕಿ, ಅದಕ್ಕೆ ಅಣ್ಣನ ನಂಬರ್ ಕೊಟ್ಟ. ಖಚಿತ ಮಾಡಿಕೊಳ್ಳಲು ವಾಟ್ಸಾಪ್ ಆರಂಕಿಯ ಕೋಡ್ ಕಳಿಸುತ್ತದೆ. ಮೆಸೇಜ್‌ನಲ್ಲಿ ಬಂದ ಕೋಡ್ ಅಣ್ಣನ ಫೋನಿಗೇ ಬರುತ್ತದೆ, ಏಕೆಂದರೆ ಫಾರ್ವರ್ಡ್ ಆಗುವುದು ಕರೆ ಮಾತ್ರ, ಮೆಸೇಜ್ ಆಗುವುದಿಲ್ಲ. ಆದರೆ ಕೋಡನ್ನು ಕರೆ ಮಾಡಿ ಹೇಳು ಎಂದು ಕೇಳುವ ಅವಕಾಶವೂ ವಾಟ್ಸಾಪ್‌ನಲ್ಲಿದೆ. ಆ ಕರೆ ನೇರ ಅವನ ಕಿವಿಗೆ ಹೋಯಿತು. ಸಂಜೆಯೊಳಗೆ ಅಣ್ಣನ ಗಿರಾಕಿಗಳಿಗೆ "ಅರ್ಜೆಂಟ್ ಇದೆ, ದುಡ್ಡು ಹಾಕಿ" ಎಂದು ಅಣ್ಣನ ಫೋಟೋ ಇರುವ ವಾಟ್ಸಾಪ್‌ನಿಂದಲೇ ಮೆಸೇಜ್ ಹೋಗಿತ್ತು. ಒಬ್ಬರು 4,000 ರೂಪಾಯಿ ಹಾಕಿಯೂ ಬಿಟ್ಟಿದ್ದರು. ವಾಟ್ಸಾಪ್ ಹೊರಬಿದ್ದಿದ್ದನ್ನು ಅಣ್ಣ ರಿಪೇರಿ ಅಂಗಡಿಯ ಕೈಚಳಕ ಅಂದುಕೊಂಡಿದ್ದರು, ಪಾಪ.

ವಾಪಸ್ ಪಡೆಯುವಾಗ ಯಾವುದು ಮೊದಲು ಎಂಬುದು ಮುಖ್ಯ. ಮೊದಲು ಫಾರ್ವರ್ಡಿಂಗ್ ತೆಗೆಯಬೇಕು, ಆಮೇಲೆ ವಾಟ್ಸಾಪ್ ಹಾಕಿಕೊಂಡು ಮೆಸೇಜ್‌ನಲ್ಲಿ ಬರುವ ಕೋಡ್ ಕೊಡಬೇಕು. ಕೋಡ್ ಕೊಟ್ಟ ಕೂಡಲೇ ಅವನು ಹೊರಗೆ ಹೋಗುತ್ತಾನೆ. ಅಷ್ಟರಲ್ಲಿ ಅವನು ತನ್ನದೇ ಪಿನ್ ಹಾಕಿದ್ದರೆ ನಿಮಗೆ 7 ದಿನ ಕಾಯಬೇಕಾಗುತ್ತದೆ, ಆದರೆ ಆ ದಿನಗಳಲ್ಲಿ ಅವನಿಗೂ ಬಳಸಲು ಆಗುವುದಿಲ್ಲ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಹಣ ಹಾಕಿದವರೇ ತಮ್ಮ ಫೋನಿನಿಂದ ಮಾಡಿದರೆ ಒಳ್ಳೆಯದು, ಅವರ ಬ್ಯಾಂಕ್ ವಿವರ ಕೇಳುತ್ತಾರೆ.

##002# ಎಲ್ಲ ಸಿಮ್ಮಿಗೂ ಒಂದೇ ರೀತಿ ಕೇಳುವುದಿಲ್ಲ. ಕೆಲವೊಮ್ಮೆ Connection problem or invalid MMI code ಎಂದು ಬರುತ್ತದೆ. ಸಿಗ್ನಲ್ ಕಡಿಮೆ ಇದ್ದರೂ ಹಾಗೆ ಬರಬಹುದು, ಬಯಲಿಗೆ ಬಂದು ಇನ್ನೊಮ್ಮೆ ಮಾಡಿ. ಜಿಯೋ ಸಿಮ್ ಆದರೆ *413 ಡಯಲ್ ಮಾಡಬೇಕು. ಅದೂ ಆಗಲಿಲ್ಲವೆಂದರೆ ಫೋನಿನ ಕರೆ ಆ್ಯಪ್ ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, Settings ಒಳಗೆ Call forwarding ಹುಡುಕಿ, Always forward ಎಂಬುದನ್ನು ಆಫ್ ಮಾಡಿ. ಅದು ಒಂದೊಂದು ಫೋನಿನಲ್ಲಿ ಒಂದೊಂದು ಮೂಲೆಯಲ್ಲಿರುತ್ತದೆ, ಸ್ವಲ್ಪ ತಾಳ್ಮೆ ಬೇಕು. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ನೋಡಬೇಕು. ಯಾವುದೂ ಆಗದಿದ್ದರೆ ಕಂಪನಿಯ ದೂರು ನಂಬರ್ 198.

ಇಷ್ಟು ಓದಿ ಎಲ್ಲರೂ ಗಾಬರಿಯಾಗಿ ಕೋಡ್ ಒತ್ತಿಕೊಂಡು ಕೂರುವುದೂ ಬೇಡ. ಶಿರಾದ ಕಥೆ ಕೇಳಿದ ಮೇಲೆ ಪಾವಗಡ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ನನಗೆ ಫೋನ್ ಮಾಡಿ, "ನಾನೂ ನೋಡ್ದೆ ಸಾರ್, 62 ಹಾಕಿದ್ರೆ ಯಾವುದೋ ನಂಬರ್ ತೋರಿಸ್ತಾ ಐತೆ, ನಂದೂ ಹೋಯ್ತಾ?" ಅಂದರು. ಹೋಗಿರಲಿಲ್ಲ. *#62# ಕೇಳುವುದು ಬೇರೆ ಪ್ರಶ್ನೆ: ಫೋನ್ ಆಫ್ ಆಗಿದ್ದರೆ ಅಥವಾ ಸಿಗ್ನಲ್ ಇಲ್ಲದಿದ್ದರೆ ಕರೆ ಎಲ್ಲಿಗೆ ಹೋಗುತ್ತದೆ? ಅಲ್ಲಿ ಬಹಳ ಸಲ ಕಂಪನಿಯೇ ಹಾಕಿಟ್ಟ ನಂಬರ್ ಇರುತ್ತದೆ, ವಾಯ್ಸ್‌ಮೇಲ್‌ನದ್ದೋ ಮಿಸ್ಡ್ ಕಾಲ್ ಅಲರ್ಟ್‌ನದ್ದೋ. ಗುಡ್ಡದ ಹಿಂದಿನ ಊರಿಗೆ ಹೋಗಿ ಬಂದ ಮೇಲೆ "ನಿಮಗೆ ಇಂಥವರು ಕರೆ ಮಾಡಿದ್ದರು" ಎಂದು ಮೆಸೇಜ್ ಬರುವುದು ಅದರಿಂದಲೇ. ಆಶಾ ಕಾರ್ಯಕರ್ತೆಗೆ ಅದು ಬೇಕೇ ಬೇಕು. ಹೆರಿಗೆ ನೋವು ಬಂದವರ ಮನೆಯಿಂದ ಯಾವಾಗ ಕರೆ ಬಂದಿತ್ತೋ ಗೊತ್ತಾಗಬೇಕಲ್ಲ. ##002# ಒತ್ತಿದರೆ ಆ ಮೆಸೇಜೂ ನಿಂತುಹೋಗಬಹುದು. ಹಾಗಾಗಿ 21ರಲ್ಲಿ ನಂಬರ್ ಕಂಡರೆ ಮಾತ್ರ ಅನುಮಾನ ಪಡಿ, 62ರಲ್ಲಿ ಕಂಡರೆ ಆ ನಂಬರ್ ಯಾರದೆಂದು ಮೊದಲು ಕಂಪನಿಗೆ ಕೇಳಿ. 21ನ್ನು ಮಾತ್ರ ತೆಗೆಯಬೇಕಿದ್ದರೆ ##21# ಸಾಕು.

ಕರೆ ಮಾಡಿದವರಿಗೆ ಏನು ಕೇಳಿಸಿತು ಎಂದು ವಿಚಾರಿಸಿದರೆ ಅರ್ಧ ಕೆಲಸ ಆದ ಹಾಗೆ. ಬೇರೆ ಮನುಷ್ಯ ಎತ್ತಿದ ಎಂದರೆ ಫಾರ್ವರ್ಡಿಂಗ್. ಯಂತ್ರದ ದನಿ, ಬೀಪ್ ಆದ ಮೇಲೆ ಮಾತಾಡಿ ಎಂದರೆ ವಾಯ್ಸ್‌ಮೇಲ್. ನೀವು ಮಾತಿನಲ್ಲಿದ್ದಾಗಲೆಲ್ಲ ಬ್ಯುಸಿ ಟೋನ್ ಬರುತ್ತದೆ ಎಂದರೆ ಕಾಲ್ ವೇಟಿಂಗ್ ಆಫ್ ಆಗಿದೆ. ಇನ್ನು ನಿಮ್ಮ ಫೋನಿನಲ್ಲೇ ಸಿಗ್ನಲ್ ಕಡ್ಡಿ ಪೂರ್ತಿ ಹೋಗಿ ಗಂಟೆಗಟ್ಟಲೆ ಬರದಿದ್ದರೆ ಅದು ಸಿಮ್ಮಿನ ವಿಷಯ. ಕೋಡ್ ಹುಡುಕುತ್ತಾ ಕೂರದೆ ಕಂಪನಿಗೂ ಬ್ಯಾಂಕಿಗೂ ಹೇಳಬೇಕು.

ಕಾಲ್ ವೇಟಿಂಗ್ ವಿಷಯದಲ್ಲಿ ನನ್ನ ಕಥೆಯೇ ಬೇರೆ, ಅದು ನನಗೆ ಬೇಡವಾದ ಹೊತ್ತೂ ಇರುತ್ತದೆ. ಚಾನೆಲ್‌ನವರು ಫೋನಿನಲ್ಲೇ ನೇರ ವರದಿ ಕೇಳುತ್ತಾರೆ. ಮಧುಗಿರಿ ಬೆಟ್ಟದ ಕೆಳಗೆ ನಿಂತು ಮಾತಾಡುತ್ತಿರುವಾಗ ಯಾರಾದರೂ ಕರೆ ಮಾಡಿದರೆ ಕಿವಿಯಲ್ಲಿ ಟುಂಯ್ ಟುಂಯ್ ಅಂತ ಶುರು, ಹೇಳುತ್ತಿದ್ದ ಅಂಕಿ ಮರೆತುಹೋಗುತ್ತದೆ. ಅದಕ್ಕೆ ಲೈವ್‌ಗೆ ಐದು ನಿಮಿಷ ಮೊದಲು #43# ಒತ್ತಿ ಆಫ್ ಮಾಡುತ್ತೇನೆ, ಮುಗಿದ ಮೇಲೆ *43# ಒತ್ತಿ ಆನ್ ಮಾಡುತ್ತೇನೆ. ಈಗ ಹೇಗಿದೆ ಎಂದು ನೋಡಲು *#43#. ಆಫ್ ಇರುವಷ್ಟು ಹೊತ್ತು ಕರೆ ಮಾಡಿದವರಿಗೆ ಬ್ಯುಸಿ ಬರುತ್ತದೆ, ನನಗೆ ಗೊತ್ತೇ ಆಗುವುದಿಲ್ಲ. ಕೊರಟಗೆರೆಯ ಒಬ್ಬ ಬಾಡಿಗೆ ಕಾರಿನ ಹುಡುಗನಿಗೆ ಇದನ್ನು ಹೇಳಿಕೊಟ್ಟಿದ್ದೆ. ಅವನು ಉಲ್ಟಾ ಉಪಯೋಗಿಸಿಕೊಂಡ. ಹೆಂಡತಿ ಜೊತೆ ಮಾತಾಡುವಾಗ ಬಾಡಿಗೆ ಕರೆ ತಪ್ಪುತ್ತಿತ್ತಂತೆ, ನೋಡಿದರೆ ಅವನ ಸಿಮ್ಮಿನಲ್ಲಿ ಅದು ಆಫ್ ಆಗಿಯೇ ಇತ್ತು. ಆನ್ ಮಾಡಿಕೊಂಡ. ಈಗ ಬಾಡಿಗೆ ಸಿಗುತ್ತಿದೆ, ಹೆಂಡತಿ ನನ್ನ ಮೇಲೆ ಸಿಟ್ಟಾಗಿದ್ದಾಳೆ.