ಸಸ್ಪೆಂಡೆಡ್ ಎಂದರೆ ರಜೆಯಲ್ಲ

ಮಗಳು ಹುಟ್ಟಿದ್ದು 2022ರ ಮಾರ್ಚಿನಲ್ಲಿ. ಬಾಣಂತನಕ್ಕೆಂದು ಅಮ್ಮ ಧಾರವಾಡದಿಂದ ಪುಣೆಗೆ ಬಂದಿದ್ದಳು. ನನ್ನ ಪಿಎಂಪಿ ಸರ್ಟಿಫಿಕೇಟಿನ ಮೂರು ವರ್ಷದ ಅವಧಿ ಆಗಸ್ಟಿಗೆ ಮುಗಿಯುತ್ತದೆ ಎಂಬ ಇಮೇಲನ್ನು, ಒಂದು ಕೈಯಲ್ಲಿ ಕೂಸು ಹಿಡಿದುಕೊಂಡೇ ಓದಿದೆ. ಅವಧಿಯೊಳಗೆ 60 ಪಿಡಿಯು ಆಗಬೇಕು. ಒಂದು ಗಂಟೆಯ ಕಲಿಕೆಗೆ ಒಂದು ಪಿಡಿಯು. ನನ್ನವು 31 ಆಗಿದ್ದವು. ಪೂರೈಸದಿದ್ದರೆ ಸರ್ಟಿಫಿಕೇಟು ಒಂದು ವರ್ಷ ‘ಸಸ್ಪೆಂಡೆಡ್’ ಆಗುತ್ತದೆ ಎಂದಿತ್ತು. ಓದಿ ನಿರಾಳವಾದೆ. ಆಫೀಸಿನವರು ಆರು ತಿಂಗಳು ರಜೆ ಕೊಟ್ಟಿದ್ದಾರೆ, ಇವರು ಒಂದು ವರ್ಷ ಕೊಡುತ್ತಾರೆ ಎಂದುಕೊಂಡು ಸುಮ್ಮನಾದೆ.

ನವೆಂಬರಿನಲ್ಲಿ ಬೇರೆ ಕೆಲಸಕ್ಕೆ ಅರ್ಜಿ ಹಾಕಿದಾಗ ಎಚ್‌ಆರ್ ಹುಡುಗಿ ಫೋನ್ ಮಾಡಿ, “ಮೇಡಂ, ನಿಮ್ಮ ಪಿಎಂಪಿ ಆಕ್ಟಿವ್ ಇಲ್ಲವಲ್ಲ?” ಎಂದಳು. ಆಗ ಕೂತು ನಿಯಮ ಓದಿದೆ. ಸಸ್ಪೆಂಡ್ ಆದಷ್ಟು ದಿನ ಹೆಸರಿನ ಮುಂದೆ ಪಿಎಂಪಿ ಎಂದು ಹಾಕಿಕೊಳ್ಳುವಂತಿಲ್ಲ. ರೆಸ್ಯೂಮೆಯಲ್ಲಿ ನಾನು ಹಾಕಿಕೊಂಡೇ ಇದ್ದೆ! ಆ ವರ್ಷದೊಳಗೆ ಬಾಕಿ ಗಂಟೆ ತುಂಬಿ ಶುಲ್ಕ ಕಟ್ಟದಿದ್ದರೆ ಸರ್ಟಿಫಿಕೇಟು ರದ್ದು, ಮತ್ತೆ ಅರ್ಜಿ, ಮತ್ತೆ ಪರೀಕ್ಷೆ.

ಬಾಕಿ 29 ಗಂಟೆ ಏನಾದರೂ ಕೇಳಿ ತುಂಬಿದರೆ ಆಯಿತು ಎಂದುಕೊಂಡಿದ್ದೂ ತಪ್ಪೇ. 60ರಲ್ಲಿ ಕನಿಷ್ಠ 35 ಕಲಿಕೆಯವು ಇರಬೇಕು. ಅದರೊಳಗೆ ಕೆಲಸದ ವಿಧಾನ, ಜನರೊಂದಿಗಿನ ಕೌಶಲ, ವ್ಯವಹಾರ ಜ್ಞಾನ ಎಂಬ ಮೂರು ವಿಭಾಗಗಳಲ್ಲಿ ತಲಾ 8 ಆಗಲೇಬೇಕು. ವ್ಯವಹಾರ ಜ್ಞಾನದಲ್ಲಿ ನನ್ನದು ಸೊನ್ನೆ. ಕೂಸಿಗೆ ಹಾಲು ಕುಡಿಸುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವೆಬಿನಾರ್ ಕೇಳಿದೆ. ಅಮ್ಮನಿಗೆ ಅದು ವಿಚಿತ್ರ; “ಯಾರ್ ಜೋಡಿ ಮಾತಾಡ್ಲಿಕ್ಕತ್ತೀಯವಾ?” ಎಂದು ಕೇಳುತ್ತಿದ್ದಳು.

2023ರ ಜೂನಿಗೆ ಗಂಟೆ ತುಂಬಿ, ಶುಲ್ಕ ಕಟ್ಟಿ, ಮತ್ತೆ ಆಕ್ಟಿವ್ ಆಯಿತು. ಹೊಸ ಅವಧಿ ಜೂನಿನಿಂದ ಮೂರು ವರ್ಷ ಎಂದು ಲೆಕ್ಕ ಹಾಕಿದ್ದೆ. ಪರದೆಯ ಮೇಲೆ ಕಂಡದ್ದು 2025ರ ಆಗಸ್ಟ್. ಹಳೇ ತಾರೀಖಿನಿಂದಲೇ ಹೊಸ ಅವಧಿ ಓಡುತ್ತಿತ್ತು. ಮುಂದಿನ 60 ಗಂಟೆಗೆ ಉಳಿದದ್ದು ಎರಡು ವರ್ಷ ಎರಡು ತಿಂಗಳು.

ನಾನು ಮಾಡಬೇಕಾಗಿದ್ದದ್ದು ಇನ್ನೊಂದು. ಹೆರಿಗೆ, ಕಾಯಿಲೆಯಂಥ ಕಾರಣಗಳಿಗೆ ದಾಖಲೆ ಜೋಡಿಸಿ ಅವಧಿ ವಿಸ್ತರಣೆ ಕೇಳಲು ಅವಕಾಶವಿದೆ. ಆದರೆ ಅವಧಿ ಮುಗಿಯುವ ಮೊದಲೇ ಬರೆದು ಕೇಳಬೇಕು. ಆಸ್ಪತ್ರೆಯ ಕಾಗದ, ರಜೆ ಮಂಜೂರಾತಿ ಪತ್ರ ಎರಡೂ ಆ ಏಪ್ರಿಲಿನಲ್ಲೇ ನನ್ನ ಡ್ರಾಯರಿನಲ್ಲಿದ್ದವು.

ಮೊನ್ನೆ ನಮ್ಮ ಟೀಮಿನ ಹುಬ್ಬಳ್ಳಿ ಹುಡುಗಿ ಐದು ತಿಂಗಳ ಬಸುರಿ ಎಂದು ಸುದ್ದಿ ಹೇಳಿದಳು. ಸಿಹಿ ತಿಂದಾದ ಮೇಲೆ, “ನಿನ್ನ ಪಿಎಂಪಿ ತಾರೀಖು ಯಾವುದವಾ?” ಎಂದೆ. “ಅದ್ಯಾಕ ಈಗ, ಅಕ್ಕಾ?” ಎಂದು ನಕ್ಕಳು. ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿ ಲಾಗಿನ್ ಮಾಡಿಸಿದೆ.